ನಿಲ್ಲುವ ಮುನ್ನ ಓಡಿ ಬರುವ ಮುಟ್ಟು

ಅರಸೀಕೆರೆ
ಮೇ 3

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಉಭಯ ಕುಶಲೋಪರಿ ಸಾಂಪ್ರತ ಎಂದು ಶುರು ಮಾಡುವುದು ನಮ್ಮ ಕಾಲದ ರೂಢಿ. ಮೊನ್ನೆ ಫೋನಿನಲ್ಲಿ ನಿನ್ನ ಧ್ವನಿ ಕೇಳಿದ ಮೇಲೆ ಹಾಗೆ ಬರೆಯಲು ಕೈ ಬರಲಿಲ್ಲ. ಗೃಹಪ್ರವೇಶದ ಮನೆಯಲ್ಲಿ ಕಥೆ ಕೇಳಲು ಕುಳಿತವಳು ಏಳುವಾಗ ಜಮಖಾನದ ಮೇಲೆ ಕಲೆ ಬಿದ್ದದ್ದು, ನಿನ್ನ ನಾದಿನಿ ಸೆರಗು ಅಡ್ಡ ಹಿಡಿದು ನಿನ್ನನ್ನು ಒಳಗೆ ಕರೆದುಕೊಂಡು ಹೋದದ್ದು, ಇದನ್ನೆಲ್ಲ ಹೇಳುವಾಗ ನೀನು ಅತ್ತೆ. ನಾಚಿಕೆಗಿಂತ ಹೆಚ್ಚಾಗಿ ನಿನ್ನನ್ನು ಹೆದರಿಸಿದ್ದು ಇನ್ನೊಂದು ಮಾತು ಅನ್ನಿಸಿತು: "ದೊಡ್ಡಮ್ಮ, ನನಗೆ 44. ಇನ್ನು ನಿಲ್ಲುವ ಕಾಲ ಬಂತು, ಮೂರು ತಿಂಗಳಿಗೊಮ್ಮೆ ಆಗುತ್ತಾ ಆಗುತ್ತಾ ನಿಂತುಹೋಗುತ್ತದೆ ಅಂದುಕೊಂಡಿದ್ದೆ. ಇದು ನೋಡಿದರೆ ತಿಂಗಳಿಗೆ ಎರಡು ಸಲ ಬರುತ್ತಿದೆ. ಇದು ಕ್ಯಾನ್ಸರೇ ಇರಬೇಕು."

ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಮೂವತ್ತು ವರ್ಷ ಆರೋಗ್ಯ ಸಹಾಯಕಿಯಾಗಿ ಹಳ್ಳಿ ಸುತ್ತಿದವಳ ಮಾತು ಎಂದು ಓದು. ಅದಕ್ಕಿಂತ ಹೆಚ್ಚಾಗಿ, ಇದೇ ದಾರಿಯಲ್ಲಿ ಐದು ವರ್ಷ ಒದ್ದಾಡಿದವಳ ಮಾತು ಎಂದು ಓದು.

ಮೊದಲು ನಿನ್ನ ಲೆಕ್ಕ ನೋಡೋಣ. ನೀನು ಹೇಳಿದ ತಾರೀಖುಗಳನ್ನು ನಾನು ಹಾಲಿನ ಚೀಟಿಯ ಹಿಂದೆ ಗೀಚಿಕೊಂಡೆ: ಜನವರಿ 4, ಜನವರಿ 27, ಫೆಬ್ರವರಿ 18, ಮಾರ್ಚ್ 12, ಏಪ್ರಿಲ್ 2, ಏಪ್ರಿಲ್ 25. ಶುರುವಾದ ದಿನದಿಂದ ಮತ್ತೆ ಶುರುವಾದ ದಿನಕ್ಕೆ ಎಣಿಸು. 23, 22, 22, 21, 23. ಇದರಲ್ಲಿ ತಿಂಗಳಿಗೆ ಎರಡು ಸಲ ಬಂದದ್ದೆಲ್ಲಿ? ಜನವರಿಯ ತಲೆಯಲ್ಲೊಂದು ಬಾಲದಲ್ಲೊಂದು ಬಿತ್ತು, ಏಪ್ರಿಲ್‌ನಲ್ಲೂ ಹಾಗೇ ಆಯಿತು, ಅಷ್ಟೇ. ಗೋಡೆಯ ಕ್ಯಾಲೆಂಡರಿಗೂ ದೇಹದ ಕ್ಯಾಲೆಂಡರಿಗೂ ಹೊಂದಾಣಿಕೆ ಇಲ್ಲ. ನೀನು ಮಾಡುವ ಇನ್ನೊಂದು ತಪ್ಪು ನಮ್ಮ ಹೆಂಗಸರೆಲ್ಲ ಮಾಡುವಂಥದ್ದು. ಮುಗಿದ ದಿನದಿಂದ ಎಣಿಸುತ್ತೀರಿ. ಏಳು ದಿನ ಹೋಗಿ, ಮುಗಿದು ಹದಿನೈದು ದಿನಕ್ಕೆ ಮತ್ತೆ ಬಂದರೆ "ಹದಿನೈದೇ ದಿನಕ್ಕೆ ಆಗಿಬಿಟ್ಟೆ" ಎನ್ನುತ್ತೀರಿ. ಅದು 22 ದಿನದ ಚಕ್ರ. 24ರಿಂದ 38 ದಿನದವರೆಗೆ ಯಾವಾಗ ಬಂದರೂ ಸಹಜ ಎನ್ನುತ್ತಾರೆ ವೈದ್ಯರು. ನಿನ್ನದು ಆ ಗೆರೆಗಿಂತ ಒಂದೆರಡು ದಿನ ಒಳಗೆ ಬಂದಿದೆ. ಹತ್ತು ವರ್ಷದ ಹಿಂದೆ ನಿನಗೆ 28, 29 ದಿನಕ್ಕೆ ಬರುತ್ತಿತ್ತು ಎಂದು ನೀನೇ ಹೇಳಿದೆ. ಆರು ದಿನ ಕತ್ತರಿಸಿ ಹೋಗಿದೆ. ಆ ಆರು ದಿನ ಎಲ್ಲಿ ಹೋದವು ಎನ್ನುವುದರಲ್ಲೇ ಇಡೀ ಕಥೆ ಇದೆ.

ಚಕ್ರದಲ್ಲಿ ಎರಡು ಭಾಗ ಇವೆ. ಮೊದಲ ಭಾಗದಲ್ಲಿ ಅಂಡಾಶಯದಲ್ಲಿ ಒಂದು ಅಂಡ ಬಲಿಯುತ್ತದೆ. ಅದು ಬಿಡುಗಡೆಯಾದ ಮೇಲೆ ಎರಡನೆಯ ಭಾಗ, ಹೆಚ್ಚುಕಡಿಮೆ ಎರಡು ವಾರ. ಈ ಎರಡನೆಯ ಭಾಗ ಅಷ್ಟಾಗಿ ಬದಲಾಗುವುದಿಲ್ಲ. ಕತ್ತರಿ ಬೀಳುವುದು ಮೊದಲ ಭಾಗಕ್ಕೆ. ಮೊದಲು ಹದಿನಾಲ್ಕನೆಯ ದಿನ ಬಿಡುಗಡೆಯಾಗುತ್ತಿದ್ದ ಅಂಡ ಈಗ ಎಂಟು, ಒಂಬತ್ತನೆಯ ದಿನಕ್ಕೇ ಹೊರಡುತ್ತದೆ.

ಯಾಕೆ ಈ ಅವಸರ? ಅಂಡಗಳ ದಾಸ್ತಾನು ತಳ ಕಾಣುತ್ತಿರುವುದರಿಂದ. ಕೇಳಲು ಇದು ತಿರುವುಮುರುವಾಗಿ ಕಾಣುತ್ತದೆ, ಕಡಿಮೆಯಾದರೆ ನಿಧಾನವಾಗಬೇಕಲ್ಲವೇ? ಅಂಡಾಶಯ ತುಂಬಿದ್ದಾಗ ಅದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ "ಸಾಕು, ಕೂಗಬೇಡ" ಎಂದು ಇನ್‌ಹಿಬಿನ್ ಎಂಬ ಹಾರ್ಮೋನಿನ ಮೂಲಕ ಹೇಳಿ ಕಳುಹಿಸುತ್ತಿರುತ್ತದೆ. ಅಂಡಗಳು ಕಡಿಮೆಯಾದಂತೆ ಆ ತಡೆ ಸಡಿಲವಾಗುತ್ತದೆ. ಆಗ ಪಿಟ್ಯುಟರಿ ಗಟ್ಟಿಯಾಗಿ ಕೂಗುತ್ತದೆ. ಮಾಲೇಕಲ್ಲು ತಿರುಪತಿಯ ಜಾತ್ರೆಯಲ್ಲಿ ನೋಡಿದ್ದೀಯಲ್ಲ, ಸರಕು ತುಂಬಿರುವ ತನಕ ಅಂಗಡಿಯವನು ಗತ್ತಿನಲ್ಲಿ ಕುಳಿತಿರುತ್ತಾನೆ, ಜಾತ್ರೆ ಕರಗುವ ಹೊತ್ತಿಗೆ ಗಂಟಲು ಹರಿದುಕೊಳ್ಳುತ್ತಾನೆ. ಆ ಕೂಗಿಗೆ ಉಳಿದ ಅಂಡಗಳಲ್ಲಿ ಒಂದು ಬೇಗ ಎದ್ದು ಬರುತ್ತದೆ, ಕೆಲವೊಮ್ಮೆ ಹಿಂದಿನ ಚಕ್ರ ಮುಗಿಯುವ ಮೊದಲೇ ತಯಾರಿ ಶುರುಮಾಡಿರುತ್ತದೆ. ಹಾಗಾಗಿ ಮುಟ್ಟು ನಿಲ್ಲುವ ದಾರಿಯ ಮೊದಲ ಗುರುತು ಎಷ್ಟೋ ಜನರಲ್ಲಿ ಅಂತರ ಹೆಚ್ಚುವುದಲ್ಲ, ಅಂತರ ಕುಗ್ಗುವುದು. ನಿನ್ನ ಅಮ್ಮ ಹೇಳುವ "ಮೈ ಉಷ್ಣ ಆಗಿದೆ, ಎಳನೀರು ಕುಡಿ" ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಎಳನೀರು ಕುಡಿ, ಬೇಡವೆನ್ನುವುದಿಲ್ಲ. ನಮ್ಮ ತೋಟದ್ದೇ ಕಳುಹಿಸುತ್ತೇನೆ.

ಇನ್ನು ಹೊಳೆ ಹರಿದ ಹಾಗೆ ಹೋಗುವುದು ಯಾಕೆ? ಗರ್ಭಕೋಶದ ಒಳಪದರವನ್ನು ಬೆಳೆಸುವುದು ಈಸ್ಟ್ರೋಜನ್. ಅದನ್ನು ಹದಕ್ಕೆ ತಂದು, ಬಲಿಸಿ, ಕೊಯ್ಲಿಗೆ ಸಿದ್ಧ ಮಾಡುವುದು ಪ್ರೊಜೆಸ್ಟರಾನ್. ಎರಡನೆಯದು ಹುಟ್ಟುವುದು ಅಂಡ ಬಿಡುಗಡೆಯಾದ ಮೇಲೆ, ಅದು ಬಿಟ್ಟುಹೋದ ಜಾಗದಿಂದ. ನಿನ್ನ ವಯಸ್ಸಿನಲ್ಲಿ ಈಸ್ಟ್ರೋಜನ್ ಕಡಿಮೆಯಾಗಿರುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಈ ಮೊದಲ ಹಂತದಲ್ಲಿ ಅದು ಕಡಿಮೆಯಾಗಿರುವುದಿಲ್ಲ. ಪಿಟ್ಯುಟರಿಯ ಕೂಗಿಗೆ ಒಂದೊಂದು ತಿಂಗಳು ಮೊದಲಿಗಿಂತಲೂ ಮೇಲೇರುತ್ತದೆ. ಆದರೆ ಪ್ರೊಜೆಸ್ಟರಾನ್ ಸೊರಗಿರುತ್ತದೆ, ಅಂಡವೇ ಬಿಡುಗಡೆಯಾಗದ ತಿಂಗಳಲ್ಲಿ ಹುಟ್ಟುವುದೇ ಇಲ್ಲ. ಗೊಬ್ಬರ ಹೆಚ್ಚಾದ ರಾಗಿ ಹೊಲ ಹೇಗಿರುತ್ತದೆ ಗೊತ್ತಲ್ಲ? ಸೊಕ್ಕಿ ಬೆಳೆಯುತ್ತದೆ, ತೆನೆ ಗಟ್ಟಿಯಾಗುವ ಮೊದಲೇ ಅಲ್ಲಿಷ್ಟು ಇಲ್ಲಿಷ್ಟು ಮಲಗಿಬಿಡುತ್ತದೆ. ಒಳಪದರವೂ ಹಾಗೆಯೇ. ದಪ್ಪಗೆ ಬೆಳೆದು, ಒಂದೇ ಸಲ ಅಚ್ಚುಕಟ್ಟಾಗಿ ಕಳಚಿಕೊಳ್ಳುವ ಬದಲು ತುಂಡುತುಂಡಾಗಿ ಕುಸಿಯುತ್ತದೆ. ಕುಸಿದ ಕಡೆಯೆಲ್ಲ ರಕ್ತ. ರಕ್ತ ಬೇಗ ಬೇಗ ಬಂದಾಗ ಅದನ್ನು ತೆಳ್ಳಗಾಗಿಸಲು ದೇಹಕ್ಕೆ ಸಮಯ ಸಿಗದೆ ಹೆಪ್ಪುಗಳು ಬೀಳುತ್ತವೆ. ನೀನು ಈಲಿಯ ತುಂಡು ಬಿದ್ದ ಹಾಗೆ ಎಂದೆಯಲ್ಲ, ಅವೇ.

ಇದು ಮೊದಲ ಹಂತ. ಮುಂದೆ ಏನಾಗುತ್ತದೆ ಎಂದು ನನ್ನದೇ ಲೆಕ್ಕದಿಂದ ಹೇಳುತ್ತೇನೆ. ನನ್ನ ಹಳೆಯ ಕ್ಯಾಲೆಂಡರುಗಳು ಅಟ್ಟದ ಟ್ರಂಕಿನಲ್ಲಿ ಇನ್ನೂ ಇವೆ. ಗ್ಯಾಸ್ ಬಂದ ದಿನ, ಹಾಲಿನವನಿಗೆ ಕೊಟ್ಟ ಹಣ, ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಸಣ್ಣ ಇಂಟು ಗುರುತು. ನಿನ್ನ ದೊಡ್ಡಪ್ಪನಿಗೂ ಆ ಗುರುತು ಏನೆಂದು ಗೊತ್ತಿರಲಿಲ್ಲ. ನಿನ್ನೆ ಇಳಿಸಿ ನೋಡಿದೆ. 2004ರಲ್ಲಿ ನನಗೆ 45. ಆ ವರ್ಷದ ಗುರುತುಗಳ ಅಂತರ 25, 24, 24, 22, 23, 21. ಇಂಟುಗಳು ಒಂದರ ಹಿಂದೊಂದು ಓಡುತ್ತಿವೆ. 2006ಕ್ಕೆ ಬಂದರೆ 26, 41, 19, 35. ಅಂದರೆ ಒಂದು ಚಕ್ರಕ್ಕೂ ಮುಂದಿನದಕ್ಕೂ ತಾಳೆಯೇ ಇಲ್ಲ. ಹೀಗೆ ಪಕ್ಕಪಕ್ಕದ ಚಕ್ರಗಳ ನಡುವೆ ಏಳು ದಿನ ಅಥವಾ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಮತ್ತೆ ಮತ್ತೆ ಬಂದರೆ ಋತುಬಂಧದ ದಾರಿಗೆ ಬಿದ್ದಾಯಿತು ಎಂದು ವೈದ್ಯರು ಗುರುತು ಹಾಕುತ್ತಾರೆ. 2007ರಲ್ಲಿ 63, 48, 92. ಎರಡು ತಿಂಗಳು, ಅಂದರೆ 60 ದಿನ ದಾಟಿದ ಅಂತರ ಕಾಣಿಸಿಕೊಂಡರೆ ಅದು ಕೊನೆಯ ಹಂತ, ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ. ಮೈ ಧಗ್ಗೆಂದು ಕಾಯುವುದು, ರಾತ್ರಿ ಬೆವರಿ ಎಚ್ಚರವಾಗುವುದು ನನಗೆ ಜೋರಾದದ್ದು ಆಗಲೇ. ಕೊನೆಯ ಇಂಟು 2008ರ ದೀಪಾವಳಿಗೆ ಸ್ವಲ್ಪ ಮೊದಲು. ಆಮೇಲೆ ಹನ್ನೆರಡು ತಿಂಗಳ ಹಾಳೆಗಳು ಖಾಲಿ. ಮುಟ್ಟು ನಿಂತಿತು ಎಂದು ಹೇಳಬಹುದಾದದ್ದು ಆ ಹನ್ನೆರಡು ಖಾಲಿ ಹಾಳೆಗಳ ನಂತರ, ಅಂದರೆ ನಿಂತು ವರ್ಷವಾದ ಮೇಲೆ.

ನಿನ್ನದೂ ಇದೇ ಸಂಖ್ಯೆಗಳಲ್ಲಿ ಹೋಗುತ್ತದೆ ಎಂದುಕೊಳ್ಳಬೇಡ. ಕೆಲವರಿಗೆ ಈ ಓಟದ ಹಂತ ಆರು ತಿಂಗಳು, ಕೆಲವರಿಗೆ ನಾಲ್ಕು ವರ್ಷ. ಕೆಲವರಿಗೆ ಬರುವುದೇ ಇಲ್ಲ, ಒಂದು ದಿನ ನಿಂತುಬಿಡುತ್ತದೆ. ಅಂಥವರೇ ಉಳಿದವರಿಗೆ "ಅದೇನು ಮಹಾ, ನನಗೆ ಗೊತ್ತೇ ಆಗಲಿಲ್ಲ" ಎಂದು ಹೇಳುತ್ತಾ ತಿರುಗುವುದು.

92 ದಿನದ ಆ ಅಂತರದ ಬಗ್ಗೆ ಒಂದು ಮಾತು, ಯಾಕೆಂದರೆ ಅಲ್ಲಿ ನಾನು ಮೋಸಹೋದೆ. ಮೂರು ತಿಂಗಳು ಬರಲಿಲ್ಲ, ಮುಗಿಯಿತು ಎಂದು ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಕೊಟ್ಟುಬಿಟ್ಟೆ. ಆ ಮೂರು ತಿಂಗಳೂ ಒಳಪದರ ಬೆಳೆಯುತ್ತಲೇ ಇತ್ತು. ಬಂದಾಗ ಹನ್ನೊಂದು ದಿನ ಹೋಯಿತು. ಅಂತರ ಹಿಗ್ಗಿದ ಕಾಲದಲ್ಲಿ ಸ್ರಾವ ತಗ್ಗಿರುತ್ತದೆ ಎನ್ನುವ ಖಾತರಿ ಇಲ್ಲ. ಮುಂದೆ ನಿನಗೆ ಎರಡು ಮೂರು ತಿಂಗಳು ಬರದೇ ಹೋದರೆ ಸುಮ್ಮನೆ ಕಾಯಬೇಡ. ವೈದ್ಯರು ಹತ್ತು ಹನ್ನೆರಡು ದಿನದ ಪ್ರೊಜೆಸ್ಟರಾನ್ ಜಾತಿಯ ಗುಳಿಗೆ ಕೊಟ್ಟು, ಆ ಪದರವನ್ನು ಹದವಾಗಿ ಇಳಿಸುತ್ತಾರೆ.

ಈಗ ನಿಜವಾದ ಅಪಾಯಕ್ಕೆ ಬರುತ್ತೇನೆ. ನೀನು ಕ್ಯಾನ್ಸರ್ ಎಂದು ಹೆದರಿದೆ. ಅದನ್ನು ಪರೀಕ್ಷೆ ಮಾಡಿಸೋಣ, ಆದರೆ ನಿನ್ನ ಮೈಯಲ್ಲಿ ಆಗಲೇ ಹೊಕ್ಕಿರುವ ಕಾಯಿಲೆ ಬೇರೆ. ಹಿಮೋಗ್ಲೋಬಿನ್ 9.1 ಎಂದು ವರದಿಯಲ್ಲಿದೆ ಎಂದೆ. 12 ಇರಬೇಕು. ಇದು ಒಂದು ತಿಂಗಳಲ್ಲಿ ಇಳಿದದ್ದಲ್ಲ.

ಒಂದು ಸಹಜ ಮುಟ್ಟಿನಲ್ಲಿ ಹೋಗುವ ರಕ್ತ ಸುಮಾರು 40 ಮಿಲಿಲೀಟರ್, ಅಂದರೆ ಎರಡೂವರೆ ಮೂರು ದೊಡ್ಡ ಚಮಚ. 80 ದಾಟಿದರೆ ಅತಿ ಎನ್ನುತ್ತಾರೆ. ನಿನ್ನದನ್ನು ಯಾರೂ ಅಳೆದಿಲ್ಲ, 100 ಎಂದಿಟ್ಟುಕೊಳ್ಳೋಣ. 28 ದಿನಕ್ಕೊಮ್ಮೆ ಬಂದರೆ ವರ್ಷಕ್ಕೆ 13 ಸಲ, 13 ನಲವತ್ತಲಿ 520 ಮಿಲಿಲೀಟರ್. 22 ದಿನಕ್ಕೊಮ್ಮೆ ಬಂದರೆ ವರ್ಷಕ್ಕೆ ಹದಿನಾರೂವರೆ ಸಲ, ನೂರರಂತೆ 1,650. ಮೂರು ಪಟ್ಟಿಗಿಂತ ಹೆಚ್ಚು. ಹೆಚ್ಚು ಹೋಗುವುದೂ ಬೇಗ ಬರುವುದೂ ಒಂದನ್ನೊಂದು ಗುಣಿಸುತ್ತವೆ, ಯಾರೂ ಗಮನಿಸದೇ ಹೋಗುವುದು ಇದನ್ನೇ. ಪ್ರತಿ ಮಿಲಿಲೀಟರ್ ರಕ್ತದ ಜೊತೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣದಂಶ ಹೋಗುತ್ತದೆ. ವರ್ಷಕ್ಕೆ 800 ಮಿಲಿಗ್ರಾಂ ದಾಟಿತು, ದಿನಕ್ಕೆ ಎರಡು ಮಿಲಿಗ್ರಾಂಗಿಂತ ಹೆಚ್ಚು. ಇದಲ್ಲದೆ ದಿನನಿತ್ಯ ಸಹಜವಾಗಿ ಕಳೆದುಹೋಗುವುದು ಒಂದು ಮಿಲಿಗ್ರಾಂ. ಊಟದಿಂದ ದೇಹ ಹೀರಿಕೊಳ್ಳುವುದೆಷ್ಟು? ದಿನಕ್ಕೆ ಒಂದೆರಡು ಮಿಲಿಗ್ರಾಂ. ಸಂಬಳಕ್ಕಿಂತ ಖರ್ಚು ಹೆಚ್ಚಾದ ಮನೆ, ಕೂಡಿಟ್ಟದ್ದು ಕರಗುವ ತನಕ ಹೊರಗೆ ಕಾಣುವುದಿಲ್ಲ.

ನನಗೆ ಕಂಡದ್ದು ಹೇಗೆ ಗೊತ್ತೇ? ಅಕ್ಕಿಯಿಂದ. ಡಬ್ಬದಿಂದ ಅಕ್ಕಿ ಅಳೆಯುವಾಗ ಒಂದು ಹಿಡಿ ಬಾಯಿಗೆ ಹೋಗುತ್ತಿತ್ತು. ಆಮೇಲಾಮೇಲೆ ಸೆರಗಿನ ಗಂಟಿನಲ್ಲಿ ಅಕ್ಕಿ ಕಟ್ಟಿಕೊಂಡು ಹಳ್ಳಿಗೆ ಹೋಗುತ್ತಿದ್ದೆ, ದಾರಿಯುದ್ದಕ್ಕೂ ಕಟಕಟ ಅಗಿಯುತ್ತಿದ್ದೆ. ಬಸುರಿಯರು ಹಸಿ ಅಕ್ಕಿ, ಬಳಪ ತಿಂದರೆ ರಕ್ತ ಕಡಿಮೆ ಎಂದು ಗದರಿಸುತ್ತಿದ್ದವಳು ನಾನೇ. ನನ್ನ ಚೀಲದ ತುಂಬ ಕಬ್ಬಿಣದ ಗುಳಿಗೆಗಳ ಪಟ್ಟಿಗಳಿದ್ದವು! ಒಂದು ಪಲ್ಸ್ ಪೋಲಿಯೊ ಭಾನುವಾರ ಲಸಿಕೆಯ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಒಂದು ಏರು ಹತ್ತುವಾಗ ಎದೆ ಡವಗುಟ್ಟಿ, ಕಣ್ಣು ಕತ್ತಲೆ ಬಂದು, ಯಾರದೋ ಮನೆಯ ಜಗುಲಿಯ ಮೇಲೆ ಕುಸಿದೆ. ಆ ಮನೆಯಾಕೆ ನೀರು ಕೊಟ್ಟು, ನನ್ನ ಸೀರೆ ನೋಡಿ, ಏನೂ ಕೇಳದೆ ತನ್ನದೊಂದು ಸೀರೆ ತಂದಿಟ್ಟಳು. ಮಾರನೆಯ ದಿನ ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿ ನೋಡಿದರೆ 7.4. ನೀನು ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ, ತಲೆಕೂದಲು ಉದುರುತ್ತದೆ, ಫ್ರಿಜ್‌ನ ಐಸ್ ಕಡಿಯುವ ಚಟ ಹತ್ತಿದೆ ಎಂದೆಯಲ್ಲ. ನನ್ನ ಅಕ್ಕಿ, ನಿನ್ನ ಐಸ್ ಎರಡೂ ಒಂದೇ ಕಥೆ.

ಹಾಗಾಗಿ ಗುಳಿಗೆ ಇವತ್ತಿನಿಂದಲೇ ಶುರು. ಬೀಟ್‌ರೂಟಿನ ಕೆಂಪು ಬರೀ ಬಣ್ಣ, ಅದರಲ್ಲಿ ಕಬ್ಬಿಣದಂಶ ತೀರ ಕಡಿಮೆ. ಖರ್ಜೂರ, ಸೊಪ್ಪು, ರಾಗಿ ಎಲ್ಲ ತಿನ್ನು, ಆದರೆ 9.1 ಅನ್ನು 12ಕ್ಕೆ ಏರಿಸುವ ಶಕ್ತಿ ಅವಕ್ಕಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಸಿಗುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ, ಅದೇ ಸಾಕು. ಕಾಫಿ ಕುಡಿದ ಕೂಡಲೇ ತೆಗೆದುಕೊಳ್ಳಬೇಡ, ಅದಕ್ಕೂ ಇದಕ್ಕೂ ಒಂದೆರಡು ಗಂಟೆ ಅಂತರವಿರಲಿ. ಕ್ಯಾಲ್ಸಿಯಂ ಗುಳಿಗೆಯನ್ನೂ ಇದರ ಜೊತೆ ನುಂಗಬೇಡ. ನಿಂಬೆಹಣ್ಣಿನ ಪಾನಕದ ಜೊತೆ ಒಳ್ಳೆಯದು. ಮಲ ಕಪ್ಪಗಾಗುತ್ತದೆ, ಗಾಬರಿ ಬೇಡ. ಹೊಟ್ಟೆ ಕಟ್ಟಿದರೆ ಅಥವಾ ಹೊಟ್ಟೆ ತೊಳಸಿದರೆ ದಿನ ಬಿಟ್ಟು ದಿನ ತೆಗೆದುಕೊ, ನಿಲ್ಲಿಸಬೇಡ. ತಿಂಗಳಾದ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸು. ಕನಿಷ್ಠ ಒಂದು ಗ್ರಾಂ ಏರಿರಬೇಕು. ಏರದಿದ್ದರೆ ಎರಡರಲ್ಲಿ ಒಂದು: ದೇಹ ಗುಳಿಗೆಯನ್ನು ಹೀರಿಕೊಳ್ಳುತ್ತಿಲ್ಲ, ಇಲ್ಲವೇ ತುಂಬಿದ್ದಕ್ಕಿಂತ ಹೆಚ್ಚು ಸೋರುತ್ತಿದೆ. ಆಗ ಡ್ರಿಪ್ ಮೂಲಕ ಕಬ್ಬಿಣ ಕೊಡುವುದುಂಟು. 12 ಮುಟ್ಟಿದ ದಿನ ಗುಳಿಗೆ ಎಸೆಯಬೇಡ, ಇನ್ನೂ ಮೂರು ತಿಂಗಳು ಬೇಕು. ದಾಸ್ತಾನು ತುಂಬುವುದು ಆಗಲೇ.

ಇನ್ನು ಆ ನರ್ಸಿಂಗ್ ಹೋಮಿನಲ್ಲಿ ಹೇಳಿದ್ದು. ಸ್ಕ್ಯಾನ್‌ನಲ್ಲಿ ಒಳಪದರ 13 ಮಿಲಿಮೀಟರ್ ಇದೆ, ಮಕ್ಕಳಾಗಿವೆ, ಇನ್ನು ಗರ್ಭಕೋಶದಿಂದ ಏನು ಉಪಯೋಗ, ತೆಗೆಸಿಬಿಡಿ ಎಂದರು ಎಂದೆ. ಸ್ಕ್ಯಾನ್ ಮಾಡಿದ್ದು ಮುಟ್ಟಾಗಿ ಎಷ್ಟನೆಯ ದಿನ ಎಂದು ಕೇಳಿದಾಗ ನೀನು ಲೆಕ್ಕ ಹಾಕಿ ಹದಿನೇಳು ಎಂದೆ. ಹದಿನೇಳನೆಯ ದಿನಕ್ಕೆ ಪದರ ಬೆಳೆದೇ ಇರುತ್ತದೆ, ಇನ್ನೈದು ದಿನಕ್ಕೆ ಕಳಚಬೇಕಾದದ್ದು. ಇಪ್ಪತ್ತು ವರ್ಷದ ಹುಡುಗಿಗೂ ಅಷ್ಟಿರಬಹುದು. ಮುಟ್ಟು ನಿಂತ ಮುದುಕಿಗೆ ಹಾಕುವ ಅಳತೆಗೋಲನ್ನು ನಿನಗೆ ಹಾಕಬಾರದು. ಮುಟ್ಟು ಮುಗಿಯುತ್ತಿದ್ದ ಹಾಗೆ, ಐದಾರನೆಯ ದಿನ ಮಾಡಿಸಿದ ಸ್ಕ್ಯಾನ್‌ನ ಸಂಖ್ಯೆಗೆ ಬೆಲೆ ಹೆಚ್ಚು. ಗಡ್ಡೆ, ಒಳಪದರದಲ್ಲಿ ಜೋತುಬಿದ್ದ ಪಾಲಿಪ್, ಗರ್ಭಕೋಶದ ಗೋಡೆಯೇ ಊದಿಕೊಂಡಿರುವುದು ಇವೆಯೇ ಎಂದೂ ಆಗಲೇ ಚೆನ್ನಾಗಿ ಕಾಣುತ್ತದೆ. ಇವು ಇದೇ ವಯಸ್ಸಿನಲ್ಲಿ ಬರುವಂಥವು. ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಿ ಇವನ್ನು ಬಿಟ್ಟುಬಿಡುವುದೂ ತಪ್ಪೇ.

ನಿನಗೆ ಬೇಕಾದ ಪರೀಕ್ಷೆ ಇನ್ನೊಂದು. ಒಂದು ತೆಳ್ಳನೆಯ ಪ್ಲಾಸ್ಟಿಕ್ ನಳಿಕೆಯಿಂದ ಒಳಪದರದ ಚೂರು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಅರಿವಳಿಕೆ ಬೇಡ, ಹೊರರೋಗಿ ವಿಭಾಗದಲ್ಲೇ ಕೆಲವು ನಿಮಿಷದಲ್ಲಿ ಮುಗಿಯುತ್ತದೆ. ಒಂದು ಸಲ ಹೊಟ್ಟೆ ಹಿಂಡಿದ ಹಾಗೆ ನೋಯುತ್ತದೆ, ಒಂದು ಗಂಟೆ ಮೊದಲು ನೋವಿನ ಗುಳಿಗೆ ನುಂಗಿ ಹೋಗು. ನಲವತ್ತು ದಾಟಿದವರಿಗೆ, ಅದರಲ್ಲೂ ತೂಕ ಹೆಚ್ಚಿದ್ದವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ ಇದನ್ನು ಮಾಡದೆ ಮುಂದಿನ ಮಾತೇ ಆಡಬಾರದು. ನನಗೆ ಆ ಕಾಲದಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ಕೆರೆದು ಕಳುಹಿಸಿದ್ದರು. ವರದಿ ಬರುವ ತನಕ ನಾನೂ ನಿನ್ನ ಹಾಗೆಯೇ ನಿದ್ದೆಗೆಟ್ಟೆ. ಬಂದದ್ದು, ಅಂಡ ಬಿಡುಗಡೆಯಾಗದೆ ಅಡ್ಡಾದಿಡ್ಡಿ ಬೆಳೆದ ಪದರ, ಅಷ್ಟೇ. ವರದಿಯಲ್ಲಿ ಪದರ ದಪ್ಪಗಾಗಿದೆ ಎಂದಿದ್ದು ಜೀವಕೋಶಗಳು ಕೆಟ್ಟಿಲ್ಲ ಎಂದಿದ್ದರೆ ಅದಕ್ಕೂ ಔಷಧವೇ ಸಾಕಾಗುತ್ತದೆ. ಜೀವಕೋಶಗಳೇ ಬದಲಾಗಿವೆ ಎಂದು ಬಂದರೆ ಮಾತ್ರ ಶಸ್ತ್ರಚಿಕಿತ್ಸೆಯ ಮಾತು. ಇದರ ಜೊತೆ ಥೈರಾಯ್ಡ್ ಪರೀಕ್ಷೆ ಮಾಡಿಸು. ಒಂದು ಮೂತ್ರ ಪರೀಕ್ಷೆಯನ್ನೂ ಮಾಡಿಸು, ನಗಬೇಡ, ಆಪರೇಷನ್ ಆದವರಲ್ಲೂ ಅಪರೂಪಕ್ಕೆ ಬಸಿರು ನಿಲ್ಲುವುದುಂಟು. ಪಿಟ್ಯುಟರಿಯ ಆ ಕೂಗನ್ನು ರಕ್ತದಲ್ಲಿ ಅಳೆಯುವ ಎಫ್‌ಎಸ್‌ಎಚ್ ಪರೀಕ್ಷೆಗೆ ಮಾತ್ರ ದುಡ್ಡು ಕಳೆಯಬೇಡ. ಈ ಹಂತದಲ್ಲಿ ಅದು ಈ ತಿಂಗಳು ಮೇಲೆ, ಮುಂದಿನ ತಿಂಗಳು ಕೆಳಗೆ. ನಿನ್ನ ಹಾಲಿನ ಚೀಟಿಯ ಲೆಕ್ಕವೇ ಅದಕ್ಕಿಂತ ಹೆಚ್ಚು ಹೇಳುತ್ತದೆ.

ಗರ್ಭಕೋಶ ತೆಗೆಸಲೇಬಾರದು ಎಂದು ನಾನು ಹೇಳುತ್ತಿಲ್ಲ. ತೆಗೆಸಬೇಕಾದವರನ್ನು ನಾನೇ ಕರೆದುಕೊಂಡು ಹೋಗಿದ್ದೇನೆ. ಆದರೆ ನಮ್ಮ ದೇಶದಲ್ಲಿ ತೆಗೆಸಿಕೊಂಡವರಲ್ಲಿ ಅರ್ಧದಷ್ಟು ಜನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗೆ ಹೇಳಿದ ಕಾರಣ ಅತಿ ರಕ್ತಸ್ರಾವ. ಅವರಲ್ಲಿ ಎಷ್ಟು ಮಂದಿಗೆ ಮೊದಲು ಔಷಧ ಕೊಟ್ಟು ನೋಡಿದ್ದರೋ! ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ರಾಜ್ಯಗಳು ಜಾರಿಗೆ ತರಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದರೆ ಐದು ವರ್ಷದಲ್ಲಿ ನಿಧಾನವಾಗಿ ಇಳಿಯಬೇಕಾದ ಮೆಟ್ಟಿಲನ್ನು ಒಂದೇ ದಿನ ಮೇಲಿಂದ ನೂಕಿದ ಹಾಗೆ. ಮೂಳೆ ಸವೆಯುವುದು ಆ ದಿನದಿಂದಲೇ ಶುರು.

ಔಷಧಗಳಲ್ಲಿ ನೀನು ವೈದ್ಯರನ್ನು ಕೇಳಬೇಕಾದದ್ದು ಇಷ್ಟು. ಟ್ರಾನೆಕ್ಸಾಮಿಕ್ ಆಮ್ಲದ ಗುಳಿಗೆ ಹಾರ್ಮೋನ್ ಅಲ್ಲ, ರಕ್ತ ಹೆಪ್ಪುಗಟ್ಟಿದ್ದು ಬೇಗ ಕರಗದಂತೆ ತಡೆಯುತ್ತದೆ. ಜೋರಾಗಿ ಹೋಗುವ ಮೊದಲ ಮೂರು ನಾಲ್ಕು ದಿನ ಮಾತ್ರ ನುಂಗುವುದು, ಸ್ರಾವ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರು ಅದನ್ನು ಮುಟ್ಟಬಾರದು. ನೋವೂ ಇದ್ದರೆ ಮೆಫೆನಾಮಿಕ್ ಆಮ್ಲ ಸೇರಿಸುತ್ತಾರೆ. ಆದರೆ ಇವು ಚಕ್ರವನ್ನು ಸರಿ ಮಾಡುವುದಿಲ್ಲ, 22 ದಿನ 22 ದಿನವಾಗಿಯೇ ಇರುತ್ತದೆ.

ನನಗೆ ಕೊಟ್ಟದ್ದು ನೊರೆಥಿಸ್ಟೆರಾನ್. ವರಮಹಾಲಕ್ಷ್ಮಿ ಹಬ್ಬಕ್ಕೆ ಮುಟ್ಟು ಮುಂದೂಡಲು ನೀವೆಲ್ಲ ಅಂಗಡಿಯಿಂದ ತಂದು ನುಂಗುತ್ತೀರಲ್ಲ, ಅದೇ. ಸುರಿಯುತ್ತಿರುವ ರಕ್ತವನ್ನು ಎರಡು ಮೂರು ದಿನದಲ್ಲಿ ನಿಲ್ಲಿಸುತ್ತದೆ. ಆಮೇಲೆ ವೈದ್ಯರು ಹೇಳಿದಷ್ಟು ದಿನ ತೆಗೆದುಕೊಂಡು ನಿಲ್ಲಿಸಿದ ಎರಡು ಮೂರು ದಿನಕ್ಕೆ ಮತ್ತೆ ಸ್ರಾವ ಬರುತ್ತದೆ. ಬರಬೇಕಾದದ್ದೇ, ಪದರ ಕಳಚುತ್ತಿದೆ. ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಔಷಧ ಕೆಲಸ ಮಾಡಲಿಲ್ಲ ಎಂದುಕೊಂಡು ಮತ್ತೆ ಗುಳಿಗೆ ಶುರುಮಾಡಿ ಲೆಕ್ಕವನ್ನೆಲ್ಲ ಕಲಸಿಬಿಟ್ಟೆ. 2005ರ ಹಾಳೆಗಳಲ್ಲಿ ಇಂಟುಗಳು ಚೆಲ್ಲಾಪಿಲ್ಲಿ. ನೀನು ಹಬ್ಬಕ್ಕೆ ನುಂಗಿದರೂ ಪುಸ್ತಕದಲ್ಲಿ ಬರೆದಿಡು, ಇಲ್ಲವಾದರೆ ಆ ತಿಂಗಳ ಸಂಖ್ಯೆ ಸುಳ್ಳು ಹೇಳುತ್ತದೆ.

ನನ್ನ ಮಗಳಾಗಿದ್ದರೆ ನಾನು ಆರಿಸುತ್ತಿದ್ದದ್ದು ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ. ನೋಡಲು ಕಾಪರ್-ಟಿ ತರಹವೇ, ಆದರೆ ಗೊಂದಲ ಮಾಡಿಕೊಳ್ಳಬೇಡ. ತಾಮ್ರದ್ದು ಸ್ರಾವವನ್ನು ಹೆಚ್ಚಿಸುತ್ತದೆ, ಇದು ತಗ್ಗಿಸುತ್ತದೆ. ಪ್ರೊಜೆಸ್ಟರಾನ್ ಜಾತಿಯ ಹಾರ್ಮೋನನ್ನು ದಿನಾ ಒಂದಿಷ್ಟು ನೇರ ಒಳಪದರಕ್ಕೇ ಬಿಡುತ್ತದೆ, ಅಂದರೆ ನಿನ್ನಲ್ಲಿ ಯಾವುದು ಸೊರಗಿದೆಯೋ ಅದನ್ನು, ಬೇಕಾದ ಕಡೆ. ಆರು ತಿಂಗಳಲ್ಲಿ ಸ್ರಾವ ಹತ್ತರಲ್ಲಿ ಎಂಟು ಒಂಬತ್ತು ಪಾಲು ಇಳಿಯುತ್ತದೆ. ತೊಂದರೆ ಇರುವುದು ಆ ಮೊದಲ ಆರು ತಿಂಗಳಲ್ಲೇ. ಹೊತ್ತುಗೊತ್ತಿಲ್ಲದೆ ಒಂದೊಂದು ಹನಿ ಕಾಣಿಸುತ್ತಿರುತ್ತದೆ, ಬೇಸತ್ತು ಎಷ್ಟೋ ಜನ ಮೂರೇ ತಿಂಗಳಿಗೆ ತೆಗೆಸಿಬಿಡುತ್ತಾರೆ. ಹಾಕಿಸುವ ಮುನ್ನ ಚೂರು ಪರೀಕ್ಷೆಯ ವರದಿ ಕೈಯಲ್ಲಿರಲಿ.

ಕಾಯದೆ ಓಡಬೇಕಾದ ಸಂದರ್ಭಗಳೂ ಇವೆ. ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆದು ಎರಡು ಮೂರು ಗಂಟೆ ಹಾಗೆಯೇ ಮುಂದುವರಿದರೆ, ಜೊತೆಗೆ ತಲೆ ಸುತ್ತಿದರೆ, ಅದು ನಡುರಾತ್ರಿಯಾದರೂ ಅಳಿಯಂದಿರನ್ನು ಎಬ್ಬಿಸು. ಎರಡು ಮುಟ್ಟಿನ ನಡುವೆ ಕಲೆ ಕಾಣುವುದು, ಗಂಡಹೆಂಡಿರು ಸೇರಿದ ಮೇಲೆ ರಕ್ತ ಕಾಣುವುದು, ವಾಸನೆಯ ಸ್ರಾವ, ಇವು ನಾನು ಮೇಲೆ ಹೇಳಿದ ಕಥೆಗೆ ಸೇರಿದವಲ್ಲ. ಗರ್ಭಕೋಶದ ಕೊರಳನ್ನು ಕಣ್ಣಾರೆ ನೋಡಿ ಪರೀಕ್ಷಿಸಬೇಕು. ಮುಂದೊಂದು ದಿನ ಪೂರ್ತಿ ನಿಂತು ವರ್ಷವಾದ ಮೇಲೆ ಒಂದೇ ಒಂದು ಹನಿ ಕಂಡರೂ, ನೋವಿಲ್ಲದಿದ್ದರೂ, ಆ ವಾರವೇ ತೋರಿಸಬೇಕು. ನಮ್ಮ ಹಳ್ಳಿಗಳಲ್ಲಿ ಅದನ್ನು "ಮತ್ತೆ ಹರೆಯ ಬಂತು" ಎಂದು ನಗೆಯಾಡಿ ಎರಡು ವರ್ಷ ಕಳೆದು ಬಂದವರನ್ನು ನಾನು ನೋಡಿದ್ದೇನೆ.

ಶಾಲೆಗೆ ಈ ತಿಂಗಳ ಕೊನೆಯವರೆಗೆ ರಜೆ ಇದೆಯಲ್ಲ, ಇದೇ ಸಮಯ. 25ಕ್ಕೆ 22 ಸೇರಿಸಿದರೆ ಮೇ 17. ಒಂದೆರಡು ದಿನ ಹಿಂದೆ ಮುಂದೆ ಬರುತ್ತದೆ. ಆ ವಾರ ನಿನ್ನ ನಾದಿನಿಯ ಮಗಳ ನಾಮಕರಣಕ್ಕೆ ಹೋಗುವುದಾದರೆ ಗಾಢ ಬಣ್ಣದ ಸೀರೆ ಉಡು, ಚೀಲದಲ್ಲಿ ಇನ್ನೊಂದು ಇರಲಿ. ಶುರುವಾದ ದಿನ ನನಗೆ ಫೋನ್ ಮಾಡು. ಐದಾರನೆಯ ದಿನಕ್ಕೆ ಸರಿಯಾಗಿ ನಾನು ಬಂದಿರುತ್ತೇನೆ, ಸ್ಕ್ಯಾನಿಗೂ ಚೂರು ಪರೀಕ್ಷೆಗೂ ಇಬ್ಬರೂ ಹೋಗೋಣ. ಹಾಸನದಲ್ಲಿ ನನಗೆ ಪರಿಚಯದ ವೈದ್ಯೆ ಒಬ್ಬರಿದ್ದಾರೆ. ಮಾತು ಒರಟು, ಕೈ ಮೃದು.

ಈ ಪತ್ರದ ಜೊತೆ ಒಂದು ಸಣ್ಣ ಪಾಕೆಟ್ ಕ್ಯಾಲೆಂಡರ್ ಇಟ್ಟಿದ್ದೇನೆ. ನಿನ್ನ ಆರು ಇಂಟುಗಳನ್ನು ನಾನೇ ಹಾಕಿದ್ದೇನೆ, ಏಳನೆಯದನ್ನು ನೀನು ಹಾಕು. ಪಕ್ಕದಲ್ಲಿ ಎಷ್ಟು ದಿನ ಹೋಯಿತು, ದಿನಕ್ಕೆ ಎಷ್ಟು ಪ್ಯಾಡ್ ಎಂದೂ ಬರೆ. ಅಮ್ಮನಿಗೆ ಬೀಟ್‌ರೂಟಿನ ವಿಷಯ ನಾನು ಹೇಳಿದೆ ಎಂದು ಹೇಳಬೇಡ, ನನ್ನ ಮೇಲೆ ಸಿಟ್ಟಾಗುತ್ತಾಳೆ. ಮಕ್ಕಳಿಗೆ ಆಶೀರ್ವಾದ ತಿಳಿಸು.

ನಿನ್ನ,
ದೊಡ್ಡಮ್ಮ